ಮುಯ್ಯಿ ಪುಸ್ತಕದಲ್ಲಿ ಇಲ್ಲದ ಹೆಸರುಗಳು

ನಾನು ಮಂಡ್ಯದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ತಿಂಗಳಿಗೆ ಕೈಗೆ ಬರುವುದು 40,000 ರೂಪಾಯಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ಐದಾರು ಸಾವಿರ ಸೇರಿಸುತ್ತಾಳೆ. ಅಪ್ಪ ಅವ್ವ ಪಾಂಡವಪುರದ ಕಡೆ ಊರಲ್ಲಿದ್ದಾರೆ, ಒಂದೂವರೆ ಎಕರೆ ಕಬ್ಬಿನ ಗದ್ದೆ ನೋಡಿಕೊಂಡು. ಇಷ್ಟರಲ್ಲೇ ತಿಂಗಳಿಗೆ 2,000 ರೂಪಾಯಿಯನ್ನು ನಾನು ಕಂಡಿಲ್ಲದ, ಮುಂದೆಯೂ ಕಾಣದ ಜನರಿಗಾಗಿ ಎತ್ತಿಡುತ್ತಾ ಬಂದು ಆರು ವರ್ಷವಾಯಿತು. ಮನೆಯವರಿಗೆ ಕೊಡಬೇಕಾದ್ದನ್ನು ಬಿಟ್ಟು ಇದನ್ನು ಮಾಡುತ್ತಿದ್ದೇನೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ ಎಂದು ಹೇಳಲು ನನ್ನ ಲೆಕ್ಕದ ಪುಸ್ತಕವನ್ನೇ ಬಿಚ್ಚಿಡಬೇಕು.

ಶುರುವಾದದ್ದು ಒಂದು ವಾದದಿಂದ. ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ನಮ್ಮ ದೇಶಕ್ಕೆ ಬಂದು ಹಸಿವಿನಿಂದ ಸಾಯುತ್ತಿದ್ದ ಹೊತ್ತಿನಲ್ಲಿ ಬರೆದದ್ದು. ದಾರಿಯಲ್ಲಿ ಹೋಗುವಾಗ ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾಗುತ್ತದೆ ಎಂದು ಯಾರೂ ನಿಲ್ಲುವುದಿಲ್ಲ, ಇಳಿದು ಎತ್ತುತ್ತೇವೆ. ಹಾಗಿದ್ದ ಮೇಲೆ ಸಾವಿರಾರು ಮೈಲಿ ದೂರದ ಮಗುವನ್ನು ಅಷ್ಟೇ ಸಣ್ಣ ನಷ್ಟದಲ್ಲಿ ಉಳಿಸಬಹುದಾದಾಗ ದೂರ ಎನ್ನುವುದು ಹೇಗೆ ನೆಪವಾಗುತ್ತದೆ ಎಂದು ಅವರು ಕೇಳುತ್ತಾರೆ. ನನಗೆ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹಾಗೆಂದು ಅಪ್ಪನೂ ಅಪರಿಚಿತನೂ ನನಗೆ ಒಂದೇ ಎಂದೂ ಒಪ್ಪಲಾಗಲಿಲ್ಲ. ಅಪ್ಪನಿಗೆ ನಾನಲ್ಲದೆ ಇನ್ನೊಬ್ಬ ಮಗನಿಲ್ಲ.

ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಸಂಬಳ ಬರುವ ಖಾತೆಯಲ್ಲೇ ಹಣ ಬಿಟ್ಟು, ತಿಂಗಳ ಕೊನೆಗೆ ಉಳಿದದ್ದರಲ್ಲಿ ಕಳಿಸೋಣ ಎಂದುಕೊಂಡೆ. ಎಂಟು ತಿಂಗಳಾದ ಮೇಲೆ ಪಾಸ್‌ಬುಕ್ ತಿರುವಿ ನೋಡಿದರೆ ದೂರದವರ ಪಾಲಿಗೆ ಒಂದು ರೂಪಾಯಿಯೂ ಹೋಗಿರಲಿಲ್ಲ. ಹತ್ತಿರದವರು ಬಾಗಿಲಿಗೆ ಬರುತ್ತಾರೆ, ಫೋನು ಮಾಡುತ್ತಾರೆ, ಮುಖ ತೋರಿಸುತ್ತಾರೆ. ದೂರದವರಿಗೆ ನನ್ನ ಹೆಸರೇ ಗೊತ್ತಿಲ್ಲ. ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇಬ್ಬರ ದುಡ್ಡನ್ನೂ ಇಟ್ಟರೆ ಪ್ರತಿ ಸಲವೂ ಗೆಲ್ಲುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹತ್ತಿರದವರಿಗೆ ಹೋದದ್ದು ಏನು ಎಂದು ನೋಡಲು ಊರಿಗೆ ಹೋದಾಗ ಮುಯ್ಯಿ ಪುಸ್ತಕ ತೆಗೆದೆ. ನಮ್ಮ ಕಡೆಯ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಮದುವೆ, ಗೃಹಪ್ರವೇಶ, ನಾಮಕರಣದಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಹಿಂದಿರುಗಿಸುವುದು. ಅವ್ವ ಹೇಳುತ್ತಾ ಹೋದಳು, ನಾನು ಲೆಕ್ಕ ಹಾಕಿದೆ. ಎರಡು ವರ್ಷದಲ್ಲಿ ನಾವು ಹಾಕಿದ ಮುಯ್ಯಿ, ತೆಗೆದ ಸೀರೆ ಪಂಚೆ ಎಲ್ಲ ಸೇರಿ 61,500 ರೂಪಾಯಿ. ಹೆಸರುಗಳನ್ನು ಒಂದೊಂದಾಗಿ ಓದಿದಾಗ ಎದೆ ಧಸಕ್ಕೆಂದಿತು. ಹೆಚ್ಚುಕಡಿಮೆ ಎಲ್ಲರೂ ನಮ್ಮಷ್ಟೇ ಅಥವಾ ನಮಗಿಂತ ಅನುಕೂಲವಾಗಿರುವವರು. ನಮ್ಮ ಗದ್ದೆಗೆ ಇಪ್ಪತ್ತು ವರ್ಷದಿಂದ ಕಳೆ ಕೀಳಲು ಬರುವಾಕೆಯ ಮಗಳ ಮದುವೆಗೆ ಹಾಕಿದ್ದು 300. ಯಾಕೆಂದರೆ ಆಕೆ ನಮ್ಮ ಮನೆಗೆ ಹಾಕಿದ್ದು 100.

ಇಲ್ಲಿಗೆ ಬಂದು ನನ್ನ ಯೋಚನೆ ತಿರುಗಿತು. ಹತ್ತಿರದವರ ಋಣ ದೊಡ್ಡದು ಎನ್ನುವುದು ನಿಜ. ಆದರೆ ನನ್ನ ದುಡ್ಡು ಹೋಗುತ್ತಿದ್ದದ್ದು ಆ ಋಣಕ್ಕಲ್ಲ, ಸರೀಕರ ನಡುವಿನ ಕೊಡುಕೊಳ್ಳುವಿಕೆಗೆ. ಮುಯ್ಯಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮದುವೆ ಮಾಡುವ ಮನೆಗೆ ಒಟ್ಟಿಗೆ ದುಡ್ಡು ಬರುವಂತೆ ನಮ್ಮ ಹಿರಿಯರು ಮಾಡಿಕೊಂಡ ಚೀಟಿ ಅದು. ಆದರೆ ಹಿಂದಿರುಗಿಸಲಾರದವರಿಗೆ ಅದರಲ್ಲಿ ಜಾಗವಿಲ್ಲ. ಕಳೆ ಕೀಳುವಾಕೆ ನಮ್ಮ ಹಟ್ಟಿಯಿಂದ ಕೂಗಳತೆಯಲ್ಲಿದ್ದರೂ ಆ ಪುಸ್ತಕದ ಪ್ರಕಾರ ಆಫ್ರಿಕಾದವರಷ್ಟೇ ದೂರದವಳು.

ಆಮೇಲೆ ಮೂರು ಪುಟ ಮಾಡಿದೆ. ಮೊದಲನೆಯದು ಮನೆಯವರದು: ಅಪ್ಪನ ಔಷಧಿ, ಮಗನ ಓದು, ಅಕ್ಕನಿಗೆ ಕಷ್ಟವಾದಾಗ ಕೊಡಬೇಕಾದ್ದು. ಇದಕ್ಕೆ ಮಿತಿ ಬರೆಯಲಿಲ್ಲ, ಮುಯ್ಯಿಯನ್ನು ಮಾತ್ರ ಇದರಿಂದ ತೆಗೆದು, ಅವರು ಎಷ್ಟು ಹಾಕಿದ್ದರೋ ಅಷ್ಟೇ ತಿರುಗಿಸುವುದೆಂದು ಗೊತ್ತು ಮಾಡಿದೆ. ಎರಡನೆಯದಕ್ಕೆ ‘ವಾಪಸು ಬಾರದ್ದು’ ಎಂದು ಹೆಸರಿಟ್ಟು ತಿಂಗಳಿಗೆ 1,000 ಬರೆದೆ, ಊರು ಮತ್ತು ಗಿರಣಿಯ ಕೈಲಾಗದವರಿಗೆ. ಮೂರನೆಯದು ದೂರದವರ 2,000. ಇದು ಸಂಬಳ ಬಂದ ಮಾರನೇ ದಿನವೇ ಆರ್‌ಡಿ ಖಾತೆಗೆ ತಾನಾಗಿ ಕಟ್ಟಿಹೋಗುತ್ತದೆ.

ಮುಯ್ಯಿಯ ವಿಷಯದಲ್ಲಿ ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತು. “ಅವ್ರು ಐದ್ಸಾವ್ರ ಹಾಕವ್ರೆ, ನಾವೂ ಐದೇ ಹಾಕದೇನ್ಲಾ? ಒಂದೈನೂರಾದ್ರೂ ಸೇರುಸ್ಬ್ಯಾಡ್ವಾ? ಊರೋರ ಮುಂದೆ ತಲೆ ಎತ್ಕಂಡು ತಿರುಗಾಡದ್ ಬ್ಯಾಡ್ವಾ ನಾವು?” ಎಂದು ಎರಡು ದಿನ ಮಾತು ಬಿಟ್ಟಳು. ಅವಳ ಮಾತಲ್ಲಿ ಹುರುಳಿಲ್ಲದೇ ಇಲ್ಲ. ಊರಲ್ಲಿ ಬದುಕಬೇಕಾದವಳು ಅವಳು, ನಾನಲ್ಲ. ಕೊನೆಗೆ ಸೋದರಮಾವಂದಿರ ಮನೆಗಳಿಗೆ ಮಾತ್ರ ಅವಳು ಹೇಳಿದಷ್ಟು, ಉಳಿದವರಿಗೆ ಬಂದಷ್ಟು ಎಂದು ತೀರ್ಮಾನವಾಯಿತು.

ಎರಡನೇ ಪುಟದಲ್ಲಿ ಒಂದು ಪೆಟ್ಟು ತಿಂದೆ. ಪಕ್ಕದ ಮನೆಯವರೊಬ್ಬರಿಗೆ 8,000 ರೂಪಾಯಿ ಕೈಗಡ ಕೊಟ್ಟೆ. ಮೂರು ತಿಂಗಳಾದ ಮೇಲೆ ಅವರು ಬೀದಿ ಬದಲಿಸಿ ಓಡಾಡಲು ಶುರು ಮಾಡಿದರು. ನಾನು ಕೇಳಿರಲೂ ಇಲ್ಲ, ಆದರೂ ಎದುರಾದರೆ ಮುಖ ತಿರುಗಿಸುತ್ತಿದ್ದರು. ದುಡ್ಡು ಹೋದದ್ದಕ್ಕಿಂತ ಸಂಜೆ ಜಗುಲಿಯ ಮೇಲೆ ಕೂತು ಆಡುತ್ತಿದ್ದ ಮಾತು ಹೋದದ್ದು ನನಗೆ ಹೆಚ್ಚು ನೋವಾಯಿತು. ಆವತ್ತಿನಿಂದ ಹತ್ತಿರದವರಿಗೆ ಸಾಲವೆಂದು ಕೊಡುವುದನ್ನೇ ಬಿಟ್ಟೆ. 8,000 ಕೇಳಿದರೆ ನನ್ನಿಂದಾಗುವ 2,000ವನ್ನು “ಇದು ವಾಪಸು ಬೇಡ ಅಣ್ಣ” ಎಂದು ಹೇಳಿಯೇ ಕೊಡುತ್ತೇನೆ.

ಇನ್ನು ಮೂರನೇ ಪುಟ. ಸೊಳ್ಳೆ ಪರದೆ ಹಂಚುವ ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್ ಎಂಬ ಸಂಸ್ಥೆಯನ್ನು ಆರಿಸಿಕೊಂಡೆ. ಮಲೇರಿಯಾದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ನೂರಕ್ಕೆ 95ರಷ್ಟು ಆಫ್ರಿಕಾದಲ್ಲಿ, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಕೀಟನಾಶಕ ಹಚ್ಚಿದ ಒಂದು ಪರದೆ ಕೊಂಡು, ಸಾಗಿಸಿ, ಹಂಚುವುದಕ್ಕೆ ಎಲ್ಲ ಸೇರಿ ಸುಮಾರು 5 ಡಾಲರ್. ಅದರಡಿ ಸರಾಸರಿ ಇಬ್ಬರು ಮಲಗುತ್ತಾರೆ, ಎರಡು ಮೂರು ವರ್ಷ ಬಾಳಿಕೆ ಬರುತ್ತದೆ. ಹಾಗೆಂದು 5 ಡಾಲರಿಗೆ ಒಂದು ಜೀವ ಉಳಿಯಿತು ಎಂದುಕೊಳ್ಳಬಾರದು. ಪರದೆಯಡಿ ಮಲಗಿದವರಲ್ಲಿ ಬಹುಪಾಲು ಜನ ಪರದೆ ಇಲ್ಲದಿದ್ದರೂ ಬದುಕಿರುತ್ತಿದ್ದರು. ಅದನ್ನೆಲ್ಲ ಕಳೆದು ಲೆಕ್ಕ ಹಾಕುವವರು ಒಂದು ಜೀವಕ್ಕೆ 5,000 ಡಾಲರ್ ಆಸುಪಾಸು ಎನ್ನುತ್ತಾರೆ, ಅದೂ ದೇಶದಿಂದ ದೇಶಕ್ಕೆ ಬಹಳ ಏರುಪೇರು. ನನ್ನ ದುಡ್ಡಿನಲ್ಲಿ ಒಂದು ಜೀವ ಉಳಿಯಲು ಹದಿನೆಂಟು ವರ್ಷ ಬೇಕು. ಲೆಕ್ಕ ಬರೆಯುವವನಾದ್ದರಿಂದ ಇದನ್ನು ನನಗೆ ನಾನೇ ಸರಿಯಾಗಿ ಹೇಳಿಕೊಳ್ಳಬೇಕಿತ್ತು.

ಕಳಿಸುವ ಕ್ರಮ ಹೀಗೆ. ಹೊರದೇಶದ ಸಂಸ್ಥೆಗೆ ದಾನ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಅವಕಾಶವಿದೆ. ಪ್ಯಾನ್ ಬೇಕು, ಎ2 ಎಂಬ ಫಾರಂ ತುಂಬಬೇಕು, ಯಾವ ಉದ್ದೇಶಕ್ಕೆ ಎನ್ನುವ ಸಂಕೇತ ಬರೆಯಬೇಕು. ದತ್ತಿ ಸಂಸ್ಥೆಗೆ ಕೊಡುವ ದಾನಕ್ಕೆ S1303. ಮೊದಲ ಸಲ ಬ್ಯಾಂಕಿನವರು ವೈಯಕ್ತಿಕ ಉಡುಗೊರೆಯ ಸಂಕೇತ ಹಾಕಿದ್ದರು, ಸಹಿ ಮಾಡುವ ಮುಂಚೆ ಓದಿದ್ದರಿಂದ ತಿದ್ದಿಸಿದೆ. 80ಜಿ ತೆರಿಗೆ ವಿನಾಯಿತಿ ಇದಕ್ಕೆ ಸಿಗುವುದಿಲ್ಲ. ಕಳಿಸುವ ಶುಲ್ಕ ಮೊತ್ತ ಸಣ್ಣದಾದರೂ ದೊಡ್ಡದಾದರೂ ಹೆಚ್ಚುಕಡಿಮೆ ಅಷ್ಟೇ, ನನಗೆ ಎಲ್ಲ ಸೇರಿ 1,700ರ ಹತ್ತಿರ ಬೀಳುತ್ತದೆ. ತಿಂಗಳು ತಿಂಗಳು 2,000 ಕಳಿಸಿದರೆ ಬಹುಪಾಲು ಶುಲ್ಕಕ್ಕೇ ಹೋಗುತ್ತದೆ. ಅದಕ್ಕೇ ಆರ್‌ಡಿ. ವರ್ಷಕ್ಕೊಮ್ಮೆ ಬಡ್ಡಿ ಸೇರಿ 24,900 ಬಂದದ್ದರಲ್ಲಿ ಶುಲ್ಕ ಕಳೆದು 270 ಡಾಲರ್ ಚಿಲ್ಲರೆ ಹೋಯಿತು. 50 ಚಿಲ್ಲರೆ ಪರದೆ, ನೂರರಷ್ಟು ಜನ.

ಕೌಂಟರಿನಲ್ಲಿದ್ದ ಹುಡುಗ ಫಾರಂ ಓದಿ, “ಇಲ್ಲೇ ಬಡವರಿಲ್ವಾ ಸಾರ್?” ಎಂದು ಕೇಳಿದ. ಕೊಂಕಿರಲಿಲ್ಲ ಅವನ ದನಿಯಲ್ಲಿ. ಇದ್ದಾರೆ, ಅವರಿಗೆ ಬೇರೆ ಪುಟವಿದೆ ಎಂದೆ. ಮಂಡ್ಯದಲ್ಲಿ ಇವತ್ತು ಮಲೇರಿಯಾದಿಂದ ಮಗು ಸತ್ತ ಸುದ್ದಿ ಕೇಳುವುದೇ ಅಪರೂಪ, ಹಾಗಾಗಿ ಇದೇ 450 ರೂಪಾಯಿಯ ಪರದೆ ಅಲ್ಲಿ ಮಾಡುವಷ್ಟು ಕೆಲಸವನ್ನು ಇಲ್ಲಿ ಮಾಡುವುದಿಲ್ಲ ಎಂದೂ ಹೇಳಿದೆ.

ಆದರೆ ಇಲ್ಲಿಯೂ ಒಂದು ಕಾಲವಿತ್ತು. ಇರ್ವಿನ್ ನಾಲೆಯ ನೀರು, ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವಲ್ಲ ಅದರ ನೀರು ಬಂದು ಗದ್ದೆ ಹಸಿರಾದ ಹೊತ್ತಿಗೆ ಜೊತೆಗೆ ಸೊಳ್ಳೆಯೂ ಬಂತು. ಆ ಕಾಲದಲ್ಲಿ ಮೈಸೂರು ಸಂಸ್ಥಾನ ನ್ಯೂಯಾರ್ಕಿನ ರಾಕ್‌ಫೆಲರ್ ಫೌಂಡೇಶನ್ ಎಂಬ ದಾನಿ ಸಂಸ್ಥೆಯ ನೆರವಿನಿಂದ ನಮ್ಮ ಸೀಮೆಯಲ್ಲೂ ಮಲೇರಿಯಾ ಅಧ್ಯಯನ ಮಾಡಿಸಿತ್ತು. ಇದನ್ನು ಅವ್ವನಿಗೆ ಹೇಳಿದಾಗ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. “ನಮ್ಮವ್ವುಂಗೆ ಚಳಿಜ್ವರ ಬತ್ತಿತ್ತು ಕಣ್ಲಾ. ಮೂರ್ ಕಂಬ್ಳಿ ಹೊದ್ಸುದ್ರೂ ಗಡಗಡ ನಡುಗೋಳು. ಮಾರ್ನೇ ದಿನ ಗದ್ದೆಗೋಗೋಳು, ಅದ್ರ ಮಾರ್ನೇ ದಿನ ತಿರ್ಗ ಮಲಿಕ್ಕಳೋಳು.” ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರವನ್ನು ಅವಳು ಅಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದಳು. ಆ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಕೂತವರಿಗೆ ನಮ್ಮ ಅಜ್ಜಿ ಯಾರು?

ನಾಲ್ಕನೇ ವರ್ಷ ಪರೀಕ್ಷೆ ಬಂತು. ಅಪ್ಪ ಬದುವಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಿಗೆ 1,20,000. ಕೈಯಲ್ಲಿ 40,000 ಇತ್ತು, ಹೆಂಡತಿಯ ಬಳೆ ಅಡವಿಟ್ಟು 60,000 ತಂದೆವು. ಉಳಿದ 20,000ಕ್ಕೆ ಆರ್‌ಡಿ ಮುರಿಸಿದೆ. ಆಗ ಅದರಲ್ಲಿ 18,000ರ ಮೇಲಿತ್ತು, ಉಳಿದದ್ದನ್ನು ಅಕ್ಕ ಕೊಟ್ಟಳು. ಇದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ. ಪರದೆಗೆ ನಾನು ಕೊಡದಿದ್ದರೆ ಇನ್ನೊಬ್ಬರು ಕೊಟ್ಟಾರು, ಅಪ್ಪನನ್ನು ಎತ್ತಿ ಕೂರಿಸಲು ನಾನೇ ಇರಬೇಕು. ಮೂರನೇ ಪುಟದ ತಲೆಯಲ್ಲಿ ಮೊದಲೇ ಬರೆದಿಟ್ಟಿದ್ದೆ: ಮನೆಯವರ ಜೀವ ಅಥವಾ ಕೈಕಾಲಿಗೆ ಕುತ್ತು ಬಂದಾಗ, ಬೇರೆ ದಾರಿ ಮುಗಿದ ಮೇಲೆ ಮುರಿಸಬಹುದು.

ತಪ್ಪಾದದ್ದು ಅದರ ನಂತರ. ಅಪ್ಪ ಕೋಲು ಹಿಡಿದು ನಡೆಯತೊಡಗಿದರು, ಬಳೆ ಬಿಡಿಸಿಕೊಂಡೆವು, ಆದರೆ ನಾನು ಆರ್‌ಡಿ ಮತ್ತೆ ಶುರು ಮಾಡಲಿಲ್ಲ. ಇನ್ನೊಂದು ತಿಂಗಳು ಹೋಗಲಿ ಎನ್ನುತ್ತಲೇ ಐದು ತಿಂಗಳು ಕಳೆಯಿತು. ಅಷ್ಟರಲ್ಲಿ ಗೃಹಪ್ರವೇಶವೊಂದಕ್ಕೆ ಬೆಳ್ಳಿ ದೀಪ ತೆಗೆದುಕೊಂಡು ಹೋಗಿದ್ದೆವು. ಕೇಳಿದವರಿಗೆಲ್ಲ “ಅಪ್ಪನ ಆಪರೇಷನ್ ಆಯ್ತಲ್ಲ” ಎನ್ನುತ್ತಿದ್ದೆ. ಅಪ್ಪನ ಹೆಸರಲ್ಲಿ ಬೆಳ್ಳಿ ದೀಪ ಕೊಂಡಿದ್ದೆ ಎನ್ನುವುದು ವರ್ಷದ ಲೆಕ್ಕ ಕೂಡಿಸುವಾಗ ಕಂಡಿತು. ಈಗ ಆರ್‌ಡಿ ಮುರಿಸಿದರೆ ಮತ್ತೆ ಶುರು ಮಾಡುವ ತಾರೀಖನ್ನು ಅವತ್ತೇ ಪುಸ್ತಕದಲ್ಲಿ ಬರೆಯಬೇಕೆಂದು ಮಾಡಿಕೊಂಡಿದ್ದೇನೆ.

ಹಂಚಿದ್ದು ತಲುಪಿತೇ ಎಂಬ ಪ್ರಶ್ನೆ ಇದ್ದೇ ಇದೆ. ಗಿರಣಿಯಲ್ಲಿ ಪರಿಚಯವಿರುವವರಿಗೆ ಕೊಟ್ಟರೆ ಕಣ್ಣಿಗೆ ಕಾಣುತ್ತದೆ. ದೂರದ್ದಕ್ಕೆ ನಾನು ನೋಡುವುದು ಎರಡೇ: ಯಾವ ಊರಿನ ಕಡೆ ಎಷ್ಟು ಪರದೆ ಹೋಯಿತು ಎಂದು ಸಂಸ್ಥೆ ಪ್ರಕಟಿಸುತ್ತದೆಯೇ, ತಿಂಗಳುಗಳ ನಂತರ ಮನೆಗಳಿಗೆ ಹೋಗಿ ಪರದೆ ಕಟ್ಟಿದ್ದಾರೆಯೇ ಎಂದು ಎಣಿಸುತ್ತದೆಯೇ. ಹರಿದದ್ದು, ಕಟ್ಟದೇ ಇಟ್ಟದ್ದು ಆ ಎಣಿಕೆಯಲ್ಲಿ ಕಾಣಬೇಕು. ಎಲ್ಲ ನೂರಕ್ಕೆ ನೂರು ಎಂದು ಬರೆದಿದ್ದರೆ ನಾನು ನಂಬುವುದಿಲ್ಲ. ಗೋಡೌನಿನಲ್ಲಿ ಒಂದು ಮೂಟೆಯೂ ಕಡಿಮೆ ಬೀಳದ ಲೆಕ್ಕವನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ.

ಮುಂದಿನ ಜೂನಿಗೆ ಮಗ ಪಿಯುಸಿಗೆ ಸೇರುತ್ತಾನೆ, ಮೈಸೂರಿನ ಕಾಲೇಜು, ಹಾಸ್ಟೆಲ್. ಮೊದಲ ಪುಟ ದಪ್ಪವಾಗುತ್ತದೆ. ಹೆಂಡತಿ ನಾನು ಕೂತು ಮಾತಾಡಿ ಆ ಎರಡು ವರ್ಷ ದೂರದವರ ಪಾಲನ್ನು 1,200ಕ್ಕೆ ಇಳಿಸಿದ್ದೇವೆ, ‘ವಾಪಸು ಬಾರದ್ದು’ 1,000ವೇ ಇರಲಿ ಎಂದು ಅವಳೇ ಹೇಳಿದಳು. ಕಳೆ ಕೀಳುವಾಕೆಯ ಮೊಮ್ಮಗಳೂ ಅದೇ ಜೂನಿಗೆ ಹೈಸ್ಕೂಲಿಗೆ ಹೋಗುತ್ತಾಳೆ.