ಎರಡು ಹಂತದ ಲಾಗಿನ್ ಕಡ್ಡಾಯ: ಸಿಬ್ಬಂದಿಗೆ ನೋಟೀಸು ಬರೆದ ಬಗೆ

ನೋಟೀಸಿನ ಮೊದಲ ಕರಡಿನಲ್ಲಿ ‘ಮಾಹಿತಿ ಭದ್ರತಾ ನೀತಿಯನ್ವಯ ಬಹು-ಅಂಶ ದೃಢೀಕರಣವನ್ನು ಕಡ್ಡಾಯಗೊಳಿಸಲಾಗಿದೆ’ ಎಂದಿತ್ತು. ಓದಿದವರಿಗೆ ದಂಡದ ಚೀಟಿಯಂತೆ ಕಾಣುವ ವಾಕ್ಯ. ಅದನ್ನು ಹೊಡೆದುಹಾಕಿ ಹೀಗೆ ಬರೆದೆ: ‘ಇನ್ನು ಮುಂದೆ ಕಂಪನಿಯ ಮೇಲ್, ಟೀಮ್ಸ್, ವಿಪಿಎನ್ ತೆರೆಯಲು ಪಾಸ್‌ವರ್ಡ್ ಜೊತೆಗೆ ನಿಮ್ಮ ಮೊಬೈಲ್ ಕೂಡ ಬೇಕು. ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾದರೂ ಅವರು ಒಳಗೆ ಬರಬಾರದು, ಅದಕ್ಕೆ.’ ಕಾರ್ಖಾನೆಯ ಶಿಫ್ಟ್ ಮೇಲ್ವಿಚಾರಕರಿಂದ ಲೆಕ್ಕಪತ್ರ ವಿಭಾಗದವರೆಗೆ ಎಲ್ಲರಿಗೂ ಅಷ್ಟು ಅರ್ಥವಾದರೆ ಸಾಕು.

ಇಂಥ ನೋಟೀಸಿಗೆ ಬರುವ ಮೊದಲ ಆಕ್ಷೇಪ ಎಲ್ಲ ಕಡೆ ಒಂದೇ. ‘ನನ್ನ ಪಾಸ್‌ವರ್ಡ್ ಹದಿನೈದು ಅಕ್ಷರ ಇದೆ, ಯಾರಿಗೂ ಹೇಳಿಲ್ಲ, ಮತ್ತೆ ಇದೇಕೆ?’ ಇದಕ್ಕೆ ಉಪದೇಶ ಮಾಡುವುದಕ್ಕಿಂತ 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಏನಾಯಿತು ಎಂದು ನಾಲ್ಕು ಸಾಲಿನಲ್ಲಿ ಹೇಳುವುದು ಉತ್ತಮ. ಕಳ್ಳರು ಒಳಹೊಕ್ಕದ್ದು ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರಿಸುವ, ಬಳಕೆಯಲ್ಲಿಲ್ಲದ ಹಳೆಯ ವಿಪಿಎನ್ ಖಾತೆಯೊಂದರಿಂದ. ಆ ಪಾಸ್‌ವರ್ಡ್ ಸುಲಭದ್ದಾಗಿರಲಿಲ್ಲ, ಸಂಕೀರ್ಣವಾಗಿಯೇ ಇತ್ತು ಎಂದು ಕಂಪನಿಯ ಮುಖ್ಯಸ್ಥರು ಸೆನೆಟ್ ಸಮಿತಿಯ ಮುಂದೆ ಹೇಳಿದರು. ಆದರೆ ಆ ಖಾತೆಗೆ ಎರಡನೇ ಹಂತ ಇರಲಿಲ್ಲ. ಮೇ 7ರಂದು ನಿಂತ ಪೈಪ್‌ಲೈನ್ ಮತ್ತೆ ಶುರುವಾದದ್ದು 12ರ ಸಂಜೆ. ಕಂಪ್ಯೂಟರುಗಳಿಗೆ ಬೀಗ ಹಾಕಿ ಕೂತ ಕಳ್ಳರಿಗೆ ಕೊಟ್ಟ ಒತ್ತೆಹಣ ಸುಮಾರು 44 ಲಕ್ಷ ಡಾಲರ್. ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಸರಿ, ಅದರ ಒಂದು ನಕಲು ಹೊರಗೆ ಹೋದ ಮೇಲೆ ಆ ಉದ್ದಕ್ಕೆ ಬೆಲೆಯಿಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಮಕ್ಕಳು ಇಳಿಸಿದ ಯಾವುದೋ ಕದ್ದ ಆಟದ ಜೊತೆ ಬಂದ ವೈರಸ್ ಕೂಡ ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಬಾಚಿಗೆ ಹೊತ್ತೊಯ್ಯುತ್ತದೆ.

ಮುಂದಿನ ನಿರ್ಧಾರ, ಎರಡನೇ ಹಂತ ಯಾವುದು ಎಂಬುದು. ಎಸ್‌ಎಂಎಸ್ ಓಟಿಪಿ ಎಲ್ಲರಿಗೂ ಗೊತ್ತು. 2009ರಲ್ಲಿ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯ ಮಾಡಿದಾಗಿನಿಂದ ನಮಗೆ ಇದು ರೂಢಿಯಾಗಿದೆ. ಹಾಗಾಗಿ ‘ಓಟಿಪಿಯೇ ಸಾಕಲ್ಲ’ ಎನ್ನುವವರು ಬಹಳ. ಕಂಪನಿಯ ಲಾಗಿನ್‌ಗೆ ಅದನ್ನು ಬಿಟ್ಟದ್ದಕ್ಕೆ ಎರಡು ಕಾರಣ ಕೊಟ್ಟೆ. ನಿಮ್ಮ ಹೆಸರಲ್ಲಿ ನಕಲಿ ದಾಖಲೆ ಕೊಟ್ಟು ಇನ್ನೊಂದು ಸಿಮ್ ಪಡೆದವನಿಗೆ ಆ ಸಂದೇಶ ಹೋಗುತ್ತದೆ, ನಿಮ್ಮ ಮೊಬೈಲಿನಲ್ಲಿ ಬರೇ ‘ನೆಟ್‌ವರ್ಕ್ ಇಲ್ಲ’ ಎಂದು ಕಾಣುತ್ತದೆ. ಎರಡನೆಯದಾಗಿ, ಗೋಡೆ ದಪ್ಪವಿರುವ ಯಂತ್ರಶಾಲೆಯಲ್ಲಿ ಸಿಗ್ನಲ್ ಸಿಗದೆ ಶಿಫ್ಟ್ ಶುರುವಿನಲ್ಲೇ ಜನ ಕಾಯುತ್ತ ನಿಲ್ಲಬೇಕಾಗುತ್ತದೆ.

ಅದರ ಬದಲು ಆರಿಸಿದ್ದು ಮೊಬೈಲಿನಲ್ಲಿ ಹಾಕಿಕೊಳ್ಳುವ ಆಥೆಂಟಿಕೇಟರ್ ಆಪ್. ಅದು ತೋರಿಸುವ ಆರಂಕಿಯ ಕೋಡ್‌ಗೆ ಸಿಗ್ನಲ್ ಬೇಡ. ಇದು ಹಲವರಿಗೆ ನಂಬಿಕೆಯಾಗದ ಸಂಗತಿ, ಅದಕ್ಕೇ ನೋಟೀಸಿನಲ್ಲಿ ಒಂದು ಪ್ಯಾರಾ ಕೊಟ್ಟೆ. ನೋಂದಣಿಯಾಗುವಾಗ ಸ್ಕ್ಯಾನ್ ಮಾಡುವ ಕ್ಯೂಆರ್ ಚೌಕದೊಳಗೆ ಒಂದು ರಹಸ್ಯ ಸಂಖ್ಯೆ ಇರುತ್ತದೆ. ಅದು ಮೊಬೈಲಿಗೂ ಸರ್ವರಿಗೂ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಎರಡೂ ಕಡೆ ಆ ರಹಸ್ಯವನ್ನು ಈಗಿನ ಸಮಯದ ಜೊತೆ ಸೇರಿಸಿ ಲೆಕ್ಕ ಹಾಕುತ್ತವೆ, ಉತ್ತರದ ಆರಂಕಿ ಪ್ರತಿ 30 ಸೆಕೆಂಡಿಗೆ ಬದಲಾಗುತ್ತದೆ. ಇಬ್ಬರ ಉತ್ತರ ಹೊಂದಿದರೆ ಬಾಗಿಲು ತೆರೆಯುತ್ತದೆ. ಇದರಿಂದ ಬರುವ ತೊಂದರೆ ಕೂಡ ಸಮಯದ್ದೇ. ಮೊಬೈಲಿನ ಗಡಿಯಾರ ಒಂದೆರಡು ನಿಮಿಷ ಹಿಂದೆ ಮುಂದೆ ಇದ್ದರೆ ‘ಕೋಡ್ ತಪ್ಪು’ ಎಂದು ಬರುತ್ತಲೇ ಇರುತ್ತದೆ. ಆಪ್ ತೆಗೆದು ಮತ್ತೆ ಹಾಕಬೇಡಿ, ಹಾಗೆ ಮಾಡಿದರೆ ನೋಂದಣಿಯೇ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಇಟ್ಟರೆ ಸಾಕು. ಹಾಗೆಯೇ ಆ ಕ್ಯೂಆರ್ ಚೌಕದ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಇಟ್ಟುಕೊಳ್ಳುವುದು ಬೇಡ. ರಹಸ್ಯದ ಪ್ರತಿಯನ್ನೇ ಅಲ್ಲಿ ಬಿಟ್ಟಂತಾಗುತ್ತದೆ.

ನೆಟ್ ಇದ್ದಾಗ ಆರಂಕಿ ಟೈಪ್ ಮಾಡುವ ಬದಲು ‘ನೀವೇನಾ?’ ಎಂದು ಮೊಬೈಲಿನಲ್ಲಿ ಕೇಳುವ ವಿಧಾನ ಸುಲಭ. ಇಲ್ಲಿ ಒಂದು ಎಚ್ಚರಿಕೆ ಇದೆ, ನೋಟೀಸಿನಲ್ಲಿ ಅತಿ ಹೆಚ್ಚು ಜಾಗ ಹೋದದ್ದು ಇದಕ್ಕೇ. 2022ರ ಸೆಪ್ಟೆಂಬರ್‌ನಲ್ಲಿ ಉಬರ್ ಕಂಪನಿಯೊಳಗೆ ನುಗ್ಗಿದವನ ಕೈಯಲ್ಲಿ ಒಬ್ಬ ಗುತ್ತಿಗೆದಾರನ ಪಾಸ್‌ವರ್ಡ್ ಇತ್ತು, ಆದರೆ ಆ ಖಾತೆಗೆ ಎರಡನೇ ಹಂತವೂ ಇತ್ತು. ಅವನು ಮತ್ತೆ ಮತ್ತೆ ಲಾಗಿನ್ ಆಗಲು ಯತ್ನಿಸಿದ, ಪ್ರತಿ ಸಲ ಗುತ್ತಿಗೆದಾರನ ಮೊಬೈಲಿಗೆ ಅನುಮತಿ ಕೋರಿಕೆ ಬಂತು. ಕೊನೆಗೊಮ್ಮೆ ಅದು ಒಪ್ಪಿಗೆಯಾಗಿಹೋಯಿತು. ರಾತ್ರಿ ಎರಡು ಗಂಟೆಗೆ ಮೊಬೈಲ್ ಟಿಂಗ್ ಟಿಂಗ್ ಎನ್ನುತ್ತಿದ್ದರೆ ನಿದ್ದೆಗಣ್ಣಲ್ಲಿ ‘ಸರಿ’ ಒತ್ತದವರು ಯಾರು? ಅದಕ್ಕೇ ಬರೀ ‘ಸರಿ’ ಒತ್ತುವ ಕೋರಿಕೆಯನ್ನು ಬಿಟ್ಟು ಸಂಖ್ಯೆ ಹೊಂದಿಸುವ ವಿಧಾನಕ್ಕೆ ಬಂದೆವು. ಕಂಪ್ಯೂಟರ್ ಪರದೆಯ ಮೇಲೆ ಎರಡಂಕಿಯ ಒಂದು ಸಂಖ್ಯೆ ಕಾಣುತ್ತದೆ, ಅದನ್ನು ಮೊಬೈಲಿನಲ್ಲಿ ಬರೆಯಬೇಕು. ಆ ಪರದೆ ಕಳ್ಳನ ಮುಂದಿದ್ದರೆ ಸಂಖ್ಯೆ ನಿಮಗೆ ಗೊತ್ತೇ ಆಗದು. ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ತನ್ನ ಆಥೆಂಟಿಕೇಟರ್ ಆಪ್‌ನಲ್ಲಿ ಇದನ್ನು ಎಲ್ಲರಿಗೂ ಕಡ್ಡಾಯ ಮಾಡಿತು.

ಇದನ್ನು ಸಿಬ್ಬಂದಿಗೆ ತಿಳಿಸಲು ಯುಪಿಐ ಹೋಲಿಕೆ ಕೆಲಸ ಮಾಡಿತು. ಹಣ ಬರಬೇಕಾದಾಗ ಪಿನ್ ಒತ್ತಬಾರದು ಎಂಬುದು ಈಗ ಸಂತೆಯ ತರಕಾರಿ ವ್ಯಾಪಾರಿಗೂ ಗೊತ್ತು. ಅದೇ ನಿಯಮ ಇಲ್ಲಿಯೂ: ನೀವು ಲಾಗಿನ್ ಮಾಡುತ್ತಿಲ್ಲದಿದ್ದರೆ ಸಂಖ್ಯೆ ಕೇಳಿದರೂ ಬರೆಯಬೇಡಿ, `No, it's not me` ಒತ್ತಿ. ಕೋರಿಕೆ ಬಂದಿದೆ ಎಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಬೇರೆಯವರ ಬಳಿ ಇದೆ ಎಂದು ಅರ್ಥ, ಕೂಡಲೇ ಅದನ್ನು ಬದಲಿಸಿ ನಮಗೆ ತಿಳಿಸಿ. ‘ನಾನು ಐಟಿಯಿಂದ, ಈಗ ಬಂದ ಸಂಖ್ಯೆ ಒತ್ತಿ ಸಾರ್’ ಎಂದು ಯಾರೇ ಕರೆ ಮಾಡಲಿ, ಐಟಿಯವರು ಹಾಗೆ ಕೇಳುವುದಿಲ್ಲ ಎಂಬ ಸಾಲನ್ನು ಬೇರೆ ಬಣ್ಣದಲ್ಲಿ ಹಾಕಿದೆ.

ಆದರೆ ಸಂಖ್ಯೆ ಹೊಂದಿಸುವುದರಿಂದಲೂ ತಪ್ಪದ ಒಂದು ಮೋಸವಿದೆ. ನಕಲಿ ಲಾಗಿನ್ ಪುಟ ನೀವು ಬರೆದದ್ದನ್ನು ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸುತ್ತದೆ, ಅಸಲಿ ಪುಟ ತೋರಿಸಿದ ಸಂಖ್ಯೆಯನ್ನು ನಿಮಗೆ ತಂದು ತೋರಿಸುತ್ತದೆ. ಲಾಗಿನ್ ಮಾಡುತ್ತಿರುವವರು ನೀವೇ ಆದ್ದರಿಂದ ಅನುಮಾನವೇ ಬರದು. 2022ರ ಜುಲೈ 20ರಂದು ಕ್ಲೌಡ್‌ಫ್ಲೇರ್ ಕಂಪನಿಯ 76 ಜನರಿಗೆ ಒಂದು ನಿಮಿಷಕ್ಕೂ ಕಡಿಮೆ ಸಮಯದಲ್ಲಿ ‘ನಿಮ್ಮ ವೇಳಾಪಟ್ಟಿ ಬದಲಾಗಿದೆ’ ಎಂಬ ಎಸ್‌ಎಂಎಸ್ ಬಂತು. ಅದರ ಲಿಂಕ್‌ನಲ್ಲಿದ್ದ ವಿಳಾಸ `cloudflare-okta.com`, ನೋಂದಣಿಯಾಗಿ ಇನ್ನೂ 40 ನಿಮಿಷವೂ ಆಗಿರಲಿಲ್ಲ. ಮೂವರು ಪಾಸ್‌ವರ್ಡ್ ಬರೆದೇಬಿಟ್ಟರು. ಆದರೂ ಏನೂ ಆಗಲಿಲ್ಲ, ಏಕೆಂದರೆ ಅಲ್ಲಿ ಎಲ್ಲರಿಗೂ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಭದ್ರತಾ ಕೀ ಕೊಟ್ಟಿದ್ದರು. ಆ ಕೀ ನೋಂದಣಿಯಾದ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ಬೇರೆಯಿದ್ದರೂ ಮೌನ. ಮನುಷ್ಯನ ಕಣ್ಣು ಮೋಸ ಹೋದ ಕಡೆ ಅದು ಹೋಗುವುದಿಲ್ಲ. ಅದೇ ತಿಂಗಳುಗಳಲ್ಲಿ ಇದೇ ಬಗೆಯ ದಾಳಿಗೆ ಟ್ವಿಲಿಯೊ ಕಂಪನಿಯ ಸಿಬ್ಬಂದಿ ಸಿಕ್ಕಿಬಿದ್ದು ಗ್ರಾಹಕರ ಮಾಹಿತಿ ಹೊರಹೋಯಿತು.

ಹಾಗಾದರೆ ಎಲ್ಲರಿಗೂ ಕೀ ಏಕೆ ಕೊಡಲಿಲ್ಲ? ಒಬ್ಬರಿಗೆ ಎರಡು ಬೇಕು, ಒಂದು ಕಳೆದರೆ ಇನ್ನೊಂದು. ಖರ್ಚು ದೊಡ್ಡದು. ಆದ್ದರಿಂದ ಬ್ಯಾಂಕ್ ಪಾವತಿ ಮಾಡುವವರು, ಸಂಬಳ ವಿಭಾಗ, ಸರ್ವರ್ ಅಡ್ಮಿನ್‌ಗಳು, ಇವರಿಗೆ ಮಾತ್ರ ಕೀ ಕಡ್ಡಾಯ. ಉಳಿದವರಿಗೆ ಆಪ್. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಕೀ ಕೊಡುವುದೇ ಸರಿ, ‘ಫೋನ್ ಕೊಂಡುಕೊಳ್ಳಿ’ ಎನ್ನುವ ಹಕ್ಕು ಕಂಪನಿಗಿಲ್ಲ.

ನೋಂದಣಿಯ ಕ್ರಮವನ್ನು ಮುದ್ರಿಸಿ ಮೇಜುಮೇಜಿಗೆ ಹಾಕಿದೆ. ಮೊಬೈಲಿನಲ್ಲಿ Microsoft Authenticator ಹಾಕಿಕೊಳ್ಳಿ, ಪ್ಲೇ ಸ್ಟೋರ್‌ನಲ್ಲಿ ಅದೇ ಹೆಸರಿನ ನಕಲುಗಳಿರಬಹುದು, ತಯಾರಕರ ಹೆಸರು Microsoft Corporation ಇದೆಯೇ ನೋಡಿ. ಕಂಪ್ಯೂಟರಿನಲ್ಲಿ ಈ ವಿಳಾಸ ತೆರೆಯಿರಿ:

```
https://aka.ms/mysecurityinfo
```

`Add sign-in method` ಒತ್ತಿ ಆಪ್ ಆಯ್ದುಕೊಂಡರೆ ಕ್ಯೂಆರ್ ಚೌಕ ಬರುತ್ತದೆ. ಆಪ್‌ನಿಂದಲೇ ಸ್ಕ್ಯಾನ್ ಮಾಡಿ, ಫೋನ್ ಕ್ಯಾಮೆರಾದಿಂದಲ್ಲ. ಕೊನೆಯಲ್ಲಿ ಒಂದು ಪರೀಕ್ಷಾ ಸಂಖ್ಯೆ ಬರೆಸುತ್ತದೆ, ಅಷ್ಟೇ. ಆಪ್ ಕ್ಯಾಮೆರಾ ಕೇಳುವುದು ಈ ಚೌಕಕ್ಕಾಗಿ. ಬರೇ ಈ ನೋಂದಣಿಯಿಂದ ಕಂಪನಿಗೆ ನಿಮ್ಮ ಫೋಟೊ, ಮೆಸೇಜು ಯಾವುದೂ ಕಾಣುವುದಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ಸ್ವಂತ ಫೋನಿಗೆ ಕಂಪನಿ ಆಪ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಜಾರಿಗೆ ಬಂದ ದಿನ ಎಡವಟ್ಟಾಗುವುದು ಸಾಮಾನ್ಯವಾಗಿ ಮನುಷ್ಯರಿಂದಲ್ಲ, ಯಂತ್ರಗಳಿಂದ. ಮೂಲೆಯಲ್ಲಿರುವ ಸ್ಕ್ಯಾನರ್ ದಾಖಲೆಯನ್ನು ಮೇಲ್ ಮಾಡುವುದು ಯಾರದೋ ಹೆಸರಿನ ಖಾತೆಯ ಪಾಸ್‌ವರ್ಡ್‌ನಿಂದ, ಅದಕ್ಕೆ ಮೊಬೈಲ್ ಎಲ್ಲಿಂದ ಬರಬೇಕು! ಅದರ ಪರದೆಯಲ್ಲಿ `535 5.7.139` ಎಂಬ ಲಾಗಿನ್ ದೋಷದ ಸಂಕೇತ ಬಂದರೆ ಕಾರಣ ಇದೇ ಇರಬಹುದು. ಆದ್ದರಿಂದ ಮೊದಲು ಎರಡು ವಾರ ನಿಯಮವನ್ನು `Report-only` ಸ್ಥಿತಿಯಲ್ಲಿ ಇಟ್ಟು, ಯಾರನ್ನೂ ತಡೆಯದೆ, ಯಾವ ಖಾತೆ ಸಿಕ್ಕಿಬೀಳುತ್ತದೆ ಎಂಬುದನ್ನು ಮಾತ್ರ ದಾಖಲೆಯಲ್ಲಿ ನೋಡುವುದು ಅಗತ್ಯ. ಜೊತೆಗೆ ಅಡ್ಮಿನ್‌ಗಳೇ ಹೊರಗುಳಿದರೆ ಒಳಹೋಗಲು ಎರಡು ತುರ್ತು ಖಾತೆಗಳು, ಅವುಗಳ ಕೀಗಳು ಬೀರುವಿನಲ್ಲಿ.

ನೋಟೀಸಿನ ಕೊನೆಯ ಭಾಗ ಮೊಬೈಲ್ ಕಳೆದವರಿಗೆ. ಹೊಸ ಫೋನಿನಲ್ಲಿ ಖಾತೆಯ ಹೆಸರು ತಾನಾಗಿ ಬಂದರೂ ಮತ್ತೆ ಸೈನ್ ಇನ್ ಆಗಲೇಬೇಕು, ಹಾಗಾಗಿ ಹಳೆಯದನ್ನು ಮಾರುವ ಮೊದಲೇ ಹೊಸದನ್ನು ನೋಂದಾಯಿಸಿ. ಕಳೆದೇ ಹೋಗಿದ್ದರೆ ಸಹಾಯ ಕೇಂದ್ರ ಒಂದು ತಾತ್ಕಾಲಿಕ ಪಾಸ್ ಕೊಡುತ್ತದೆ. ಅದು ಒಮ್ಮೆ ಮಾತ್ರ ನಡೆಯುತ್ತದೆ, ಒಂದು ಗಂಟೆಯಲ್ಲಿ ಕಾಲ ಮುಗಿಯುತ್ತದೆ. ಫೋನ್ ಮೂಲಕ ಯಾರಿಗೂ ಕೊಡುವುದಿಲ್ಲ: ಖುದ್ದಾಗಿ ಗುರುತಿನ ಚೀಟಿ ತೋರಿಸಬೇಕು, ದೂರದಲ್ಲಿದ್ದರೆ ನಿಮ್ಮ ಮೇಲಧಿಕಾರಿ ವಿಡಿಯೊ ಕರೆಯಲ್ಲಿ ನಿಮ್ಮನ್ನು ಗುರುತಿಸಬೇಕು. ಎಷ್ಟೇ ದೊಡ್ಡ ಹುದ್ದೆಯವರಾದರೂ ಇದೇ ಕ್ರಮ, ಆತುರವಾಗಿದ್ದರೂ ಇದೇ ಕ್ರಮ, ಮತ್ತು ಈ ಸಾಲಿನ ಕೆಳಗೆ ನಿರ್ದೇಶಕರ ಸಹಿ ಹಾಕಿಸಿದೆ, ಸಹಾಯ ಕೇಂದ್ರದಲ್ಲಿ ಕೂತ ಹುಡುಗರಿಗೆ ‘ಆಗೋದಿಲ್ಲ ಸಾರ್’ ಎನ್ನಲು ಧೈರ್ಯ ಬರಲೆಂದು.