ಕಿವಿಗೆ ‘ಬ’, ಕಣ್ಣಿಗೆ ‘ಗ’, ಕೇಳಿಸುವುದು ‘ದ’: ಮನೆಯಲ್ಲೇ ಮಾಡಿ ನೋಡುವ ಬಗೆ

ಧ್ವನಿ ‘ಬ’ ಎಂದಿರುತ್ತದೆ, ತೆರೆಯ ಮೇಲಿನ ತುಟಿಗಳು ‘ಗ’ ಎನ್ನುತ್ತಿರುತ್ತವೆ. ನೋಡುತ್ತ ಕೇಳುವ ಹಲವರಿಗೆ ಇವೆರಡೂ ಅಲ್ಲದ ‘ದ’ ಕೇಳಿಸುತ್ತದೆ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಭ್ರಮೆಯನ್ನು ಒಂದು ಮೊಬೈಲ್ ಮತ್ತು ವಿಡಿಯೊ ಎಡಿಟಿಂಗ್ ಆ್ಯಪ್ ಇದ್ದರೆ ನೀವೇ ಸಿದ್ಧಪಡಿಸಬಹುದು.

ಮೊದಲು, ಮುಖದ ಮೇಲೆ ಚೆನ್ನಾಗಿ ಬೆಳಕು ಬೀಳುವಂತೆ ಒಬ್ಬರನ್ನು ಕೂರಿಸಿ, ಒಂದೊಂದು ಸೆಕೆಂಡು ಬಿಟ್ಟು ‘ಗ, ಗ, ಗ’ ಎಂದು ಹೇಳಿಸಿ ಚಿತ್ರೀಕರಿಸಿ. ಬಳಿಕ ಅವರಿಂದಲೇ, ಅದೇ ವೇಗದಲ್ಲಿ, ‘ಬ, ಬ, ಬ’ ಎಂದು ಹೇಳಿಸಿ ಇನ್ನೊಂದು ವಿಡಿಯೊ ಮಾಡಿಕೊಳ್ಳಿ.

ಮುಂದಿನದು ಜೋಡಣೆ, ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಆ್ಯಪ್‌ನಲ್ಲಿ ಎರಡೂ ಧ್ವನಿಗಳ ಅಲೆಯ ಚಿತ್ರವನ್ನು ಒಂದರ ಕೆಳಗೊಂದು ಇಟ್ಟು, ‘ಗ’ದ ಅಲೆ ಥಟ್ಟನೆ ಮೇಲೇಳುವ ಜಾಗಕ್ಕೆ ಸರಿಯಾಗಿ ‘ಬ’ದ ಅಲೆಯೂ ಏಳುವಂತೆ ಸರಿಸಿ, ಆಮೇಲೆ ‘ಗ’ದ ಧ್ವನಿಯನ್ನು ಅಳಿಸಿಬಿಡಿ. ಸೆಕೆಂಡಿಗೆ 30 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಚೌಕಟ್ಟು ಸುಮಾರು 33 ಮಿಲಿಸೆಕೆಂಡು. ಒಂದೆರಡು ಚೌಕಟ್ಟಿನಷ್ಟು ಧ್ವನಿ ಹಿಂದೆ ಬಿದ್ದರೆ ಮಿದುಳು ಸಹಿಸಿಕೊಳ್ಳುತ್ತದೆ, ಆದರೆ ಧ್ವನಿಯೇ ತುಟಿಗಿಂತ ಮುಂದೋಡಿದರೆ ಅಷ್ಟು ಸಹಿಸದು. ತೋರಿಸುವಾಗ ಬ್ಲೂಟೂತ್ ಸ್ಪೀಕರ್ ಬೇಡ. ಅದು ಧ್ವನಿಯನ್ನು ತಡಮಾಡಿ ನಿಮ್ಮ ಜೋಡಣೆಯನ್ನೇ ಕೆಡಿಸಬಹುದು.

ನೋಡುವವರಿಗೆ ಏನನ್ನೂ ಹೇಳದೆ, ಕೇಳಿಸಿದ ಅಕ್ಷರವನ್ನು ಬರೆಯಲು ಹೇಳಿ. ಆಮೇಲೆ ಕಣ್ಣು ಮುಚ್ಚಿಸಿ ಅದೇ ತುಣುಕನ್ನು ಕೇಳಿಸಿ. ಕಣ್ಣು ಮುಚ್ಚಿದಾಗ ‘ಬ’, ತೆರೆದಾಗ ‘ದ’ ಅಥವಾ ‘ಡ’ ಎಂದು ಬರೆದಿದ್ದರೆ ಭ್ರಮೆ ಉಂಟಾಗಿದೆ. ಕಣ್ಣು ಮುಚ್ಚಿದಾಗಲೂ ‘ಬ’ ಕೇಳಿಸದಿದ್ದರೆ ದೋಷ ನಿಮ್ಮ ಧ್ವನಿಮುದ್ರಣದಲ್ಲಿದೆ.

ಇದರ ಕಾರಣ ನಮ್ಮ ವರ್ಣಮಾಲೆಯಲ್ಲೇ ಅಡಗಿದೆ. ‘ಬ’ ಓಷ್ಠ್ಯ, ತುಟಿ ಮುಚ್ಚದೆ ಅದು ಹುಟ್ಟುವಂತಿಲ್ಲ. ತುಟಿ ತೆರೆದೇ ಇರುವುದನ್ನು ಕಣ್ಣು ಕಂಡಾಗ ‘ಬ’ ಉಳಿಯುವುದು ಕಷ್ಟ. ಕಂಠ್ಯವಾದ ‘ಗ’ಕ್ಕೆ ಧ್ವನಿಯ ಸಾಕ್ಷಿಯಿಲ್ಲ. ನಡುವಿನ ಸ್ಥಾನದ ‘ದ’ ಮಾತ್ರ ತುಟಿ ತೆರೆದೇ ಹೊರಡುತ್ತದೆ, ಸದ್ದಿನಲ್ಲೂ ‘ಬ’ಕ್ಕೆ ಹತ್ತಿರವಿದೆ, ಆದ್ದರಿಂದ ಮಿದುಳು ಅದನ್ನು ಆರಿಸಿಕೊಳ್ಳುತ್ತದೆ. ಧ್ವನಿ ‘ಗ’, ತುಟಿ ‘ಬ’ ಎಂದು ತಿರುವುಮುರುವು ಮಾಡಿದರೆ ಇಂಥ ನಡುವಿನ ಅಕ್ಷರ ಹುಟ್ಟುವುದಿಲ್ಲ. ಮುಚ್ಚಿದ ತುಟಿಯನ್ನು ಅಲ್ಲಗಳೆಯಲಾಗದೆ ಹಲವರು ‘ಬ್ಗ’ದಂತಹ ಜೋಡಿಯನ್ನು ಕೇಳುತ್ತಾರೆ. ಇದನ್ನೂ ತಪ್ಪದೆ ಮಾಡಿ ನೋಡಿ. ನನಗೆ ಮೊದಲನೆಯದಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಇದೇ.

ಭ್ರಮೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ, ಕೆಲವರಿಗೆ ಆಗುವುದೇ ಇಲ್ಲ. ಅದರಿಂದ ಅವರ ಕಿವಿಯ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ. ಭ್ರಮೆಗೆ ಒಳಗಾಗುವವರಿಗೆ ಗುಟ್ಟು ತಿಳಿದ ಮೇಲೂ ಅದು ಬಿಡುವುದಿಲ್ಲ: ಜೋಡಣೆಯನ್ನು ಕೈಯಾರೆ ಮಾಡಿದವರಿಗೂ ತೆರೆ ನೋಡಿದೊಡನೆ ಮತ್ತೆ ‘ದ’ ಕೇಳಿಸುತ್ತದೆ.