ಅಕ್ಟೋಬರ್ 3ರಿಂದ ಹಿಂದಕ್ಕೆ ಎಣಿಸಿದರೆ: ಉದ್ಯಮಬಾಗದಲ್ಲಿ ಕಂಪ್ರೆಸರ್ ಮಾರುವ ನನ್ನ ಲೆಕ್ಕ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳಿಗೆ ನಾನು ಸ್ಕ್ರೂ ಕಂಪ್ರೆಸರ್ ಮಾರುತ್ತೇನೆ. ಈ ಧಂದೆಯಲ್ಲಿ ಇರುವವರೆಲ್ಲ ಮಾರ್ಚ್ ಬಂತೆಂದರೆ ಫೋನು ಹಿಡಿದು ಕೂರುತ್ತಾರೆ. ಆ ಹೊತ್ತಿಗೆ ಮಾಲಕರ ತಲೆಯಲ್ಲಿ ಮಾರ್ಚ್ 15ರ ಮುಂಗಡ ತೆರಿಗೆ, ಸ್ಟಾಕ್ ಎಣಿಕೆ, ಬ್ಯಾಂಕಿನ ಸಿಸಿ ಲಿಮಿಟ್ ಇವೇ ತುಂಬಿರುತ್ತವೆ. ಹದಿನೈದು ಇಪ್ಪತ್ತು ಲಕ್ಷದ ಯಂತ್ರದ ಮಾತು ಆಗ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ನಾನು ನನ್ನ ವರ್ಷವನ್ನು ಅಕ್ಟೋಬರ್ 3ರಿಂದ ಹಿಂದಕ್ಕೆ ಎಣಿಸುತ್ತೇನೆ.

ಆ ತಾರೀಖಿಗೆ ಕಾರಣ ಸವಕಳಿಯ ನಿಯಮ. ಹೊಸ ಯಂತ್ರವನ್ನು ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆದಾಯ ತೆರಿಗೆಯಲ್ಲಿ ಅರ್ಧ ಸವಕಳಿ ಮಾತ್ರ ಸಿಗುತ್ತದೆ. ಯಂತ್ರೋಪಕರಣಕ್ಕೆ ಸಾಮಾನ್ಯ ದರ 15 ಶೇಕಡಾ, ಅರ್ಧವಾದರೆ ಏಳೂವರೆ. ಮಾರ್ಚ್ 31ರಿಂದ ಹಿಂದಕ್ಕೆ 180 ದಿನ ಎಣಿಸಿದರೆ ಅಕ್ಟೋಬರ್ 3 ಬರುತ್ತದೆ. ಫೆಬ್ರವರಿಗೆ 29 ದಿನ ಇರುವ ವರ್ಷ ಒಂದು ದಿನ ಹೆಚ್ಚು ಸಿಗುತ್ತದೆ, ಆದರೆ ಅದನ್ನು ನಂಬಿ ಕೂರುವುದು ಬೇಡ.

ಒಂದು ಲೆಕ್ಕ ಹಾಕಿ ನೋಡೋಣ. 30 ಕಿಲೋವ್ಯಾಟಿನ ಸ್ಕ್ರೂ ಕಂಪ್ರೆಸರ್, ಡ್ರೈಯರ್, ರಿಸೀವರ್ ಟ್ಯಾಂಕ್, ಪೈಪಿಂಗ್ ಎಲ್ಲ ಸೇರಿ 16 ಲಕ್ಷ ಎಂದುಕೊಳ್ಳಿ. ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಳ್ಳುವುದರಿಂದ ಅದನ್ನು ಇದರಲ್ಲಿ ಸೇರಿಸುವುದಿಲ್ಲ. ಅಕ್ಟೋಬರ್ 3ರ ಒಳಗೆ ಚಾಲೂ ಆದರೆ ಆ ವರ್ಷದ ಸವಕಳಿ 2 ಲಕ್ಷ 40 ಸಾವಿರ, ತಡವಾದರೆ 1 ಲಕ್ಷ 20 ಸಾವಿರ. ಉದ್ಯಮಬಾಗದಲ್ಲಿ ಪಾಲುದಾರಿಕೆ ಫರ್ಮುಗಳು ಬಹಳ. ಉತ್ಪಾದನೆ ಮಾಡುವ ಇಂಥ ಫರ್ಮಿಗೆ ಹೊಸ ಯಂತ್ರದ ಮೇಲೆ 20 ಶೇಕಡಾ ಹೆಚ್ಚುವರಿ ಸವಕಳಿಯೂ ಉಂಟು, ಅದರಲ್ಲೂ ಅರ್ಧ ಮುಂದಿನ ವರ್ಷಕ್ಕೆ ಜಾರುತ್ತದೆ. ಎರಡೂ ಕೂಡಿ 2 ಲಕ್ಷ 80 ಸಾವಿರದ ವ್ಯತ್ಯಾಸ. ಫರ್ಮಿನ ತೆರಿಗೆ ಸೆಸ್ ಸೇರಿ 31.2 ಶೇಕಡಾ ಎಂದರೆ, ಆ ವರ್ಷ ಕಟ್ಟಬೇಕಾದ ತೆರಿಗೆಯಲ್ಲಿ 87 ಸಾವಿರ ಚಿಲ್ಲರೆ ಕಡಿಮೆಯಾಗುತ್ತದೆ.

ಈ 87 ಸಾವಿರ ಉಳಿತಾಯ ಎಂದು ಮಾತ್ರ ಹೇಳಬೇಡಿ. ಈ ವರ್ಷ ಸಿಗದ ಸವಕಳಿ ಮುಂದಿನ ವರ್ಷಗಳಲ್ಲಿ ಸಿಕ್ಕೇ ಸಿಗುತ್ತದೆ. ಬೇಗ ಮಾಡಿದವನಿಗೆ ಹಣ ಮೊದಲು ಕೈಯಲ್ಲಿ ಉಳಿಯುತ್ತದೆ, ಅಷ್ಟೇ. ಉಳಿತಾಯ ಎಂದವರನ್ನು ಮಾಲಕರ ಸಿಎ ಒಂದೇ ಮಾತಿನಲ್ಲಿ ಕೆಡವುತ್ತಾರೆ, ಆಮೇಲೆ ಕೊಟೇಶನ್ನಿನ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಕಡಿಮೆ ದರದ ತೆರಿಗೆ ಆರಿಸಿಕೊಂಡ ಪ್ರೈವೇಟ್ ಲಿಮಿಟೆಡ್‌ಗೂ ಹೊಸ ಪದ್ಧತಿಯಲ್ಲಿರುವ ಒಬ್ಬರದೇ ಮಾಲಕತ್ವಕ್ಕೂ ಹೆಚ್ಚುವರಿ ಸವಕಳಿ ಇಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಫರ್ಮು ಯಾವ ಬಗೆಯದು ಎಂದು ಕೇಳಿಕೊಳ್ಳುತ್ತೇನೆ. ಪತ್ರದಲ್ಲಿ ಮಾತ್ರ 'ಅಕ್ಟೋಬರ್ 3ರ ಒಳಗೆ ಚಾಲೂ ಆದರೆ ಪೂರ್ತಿ ವರ್ಷದ ಸವಕಳಿ, ನಿಮ್ಮ ಸಿಎ ಅವರನ್ನು ಒಮ್ಮೆ ಕೇಳ್ರಿ' ಎಂಬ ಒಂದು ಸಾಲು ಸಾಕು.

ಇಲ್ಲಿ ಲೆಕ್ಕಕ್ಕೆ ಬರುವುದು ಚಾಲೂ ಆದ ದಿನ. ಬಿಲ್ಲಿನ ತಾರೀಖು, ಲಾರಿ ಗೇಟಿನೊಳಗೆ ಬಂದ ತಾರೀಖು ಯಾವುದೂ ಸಾಲದು. ಹಬ್ಬಗಳು ಈ ಲೆಕ್ಕದೊಳಗೆ ಬರುವುದು ಇದೇ ಕಾರಣಕ್ಕೆ. ನಮ್ಮ ಕಡೆ ಹೊಸ ಯಂತ್ರ ಬಂದರೆ ಖಂಡೆ ಪೂಜೆಗೋ ವಿಜಯದಶಮಿಗೋ ಚಾಲೂ ಮಾಡುವುದು ರೂಢಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು. ಪೂಜೆಯೂ ಆಯಿತು, 180 ದಿನವೂ ಆಯಿತು. 2026ರಲ್ಲಿ ಅದು ಅಕ್ಟೋಬರ್ 20ರ ಆಸುಪಾಸಿಗೆ. 'ದಸರಾಕ್ಕ ಚಾಲೂ ಮಾಡೋಣ್ರಿ' ಎಂದು ಮಾಲಕರು ಅಂದಾಗ ಹೂಂ ಎಂದರೆ ಅರ್ಧ ಸವಕಳಿ ಹೋಯಿತು. ಆದ್ದರಿಂದ ಹಿಂದಿನ ವರ್ಷದ ವೇಳಾಪಟ್ಟಿಯನ್ನು ಹಾಗೇ ನಕಲು ಮಾಡಲು ಬರುವುದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಹೊಸ ಪಂಚಾಂಗವನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಬೇಕು.

2026ರ ಲೆಕ್ಕವನ್ನೇ ಪೂರ್ತಿ ಬಿಡಿಸುತ್ತೇನೆ. ಗಣೇಶ ಚೌತಿ ಸೆಪ್ಟೆಂಬರ್ 14, ಅನಂತ ಚತುರ್ದಶಿ 25. ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವ ಗೊತ್ತಿದ್ದವರಿಗೆ ಈ ದಿನಗಳ ಬಗ್ಗೆ ಬಿಡಿಸಿ ಹೇಳಬೇಕಿಲ್ಲ: ಫಿಟ್ಟರ್, ವೆಲ್ಡರ್, ಕ್ರೇನಿನವರು ಎಲ್ಲರೂ ಮಂಡಳದ ಪೆಂಡಾಲಿನಲ್ಲಿರುತ್ತಾರೆ, ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಅದು ಮುಗಿಯಿತೆನ್ನುವಷ್ಟರಲ್ಲಿ ಸೆಪ್ಟೆಂಬರ್ 27ರಿಂದ ಪಿತೃಪಕ್ಷ, ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆಯವರೆಗೆ. ಆ ಹದಿನೈದು ದಿನ ಹೊಸ ಯಂತ್ರಕ್ಕೆ ಕಾಯಿ ಒಡೆಯುವವರು ಸಿಗುವುದು ಕಷ್ಟ. ಅಕ್ಟೋಬರ್ 3 ಸರಿಯಾಗಿ ಅದರ ನಡುವೆ ಬೀಳುತ್ತದೆ. ಹೀಗಾಗಿ ಕಾಗದದ ಮೇಲೆ ಗಡುವು ಅಕ್ಟೋಬರ್ 3 ಇದ್ದರೂ ನಿಜವಾದ ಗಡುವು ಸೆಪ್ಟೆಂಬರ್ 10. ಶ್ರಾವಣ ಆಗಸ್ಟ್ 13ಕ್ಕೆ ಶುರುವಾಗಿ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತದೆ. ಶ್ರಾವಣ ಎಂದರೆ ಯಾವ ಮಾಲಕರೂ ಬೇಡ ಎನ್ನುವುದಿಲ್ಲ. 'ಶ್ರಾವಣ ಸೋಮವಾರ ಚಾಲೂ ಮಾಡೂಣ್ರಿ, ಖಂಡೆ ಪೂಜಿಗೆ ಎಲ್ಲಾ ಮಷಿನ್ ಜೊತಿಗೆ ಇದಕ್ಕೂ ಪೂಜಾ ಆಗ್ತೈತಿ' ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಚಾಲೂ ಮಾಡುವುದು ಆಗಸ್ಟ್ ಕೊನೆಗೆ ಎಂದಾದರೆ ಮಾಲು ಆಗಸ್ಟ್ 20ಕ್ಕೆ ಅಂಗಳದಲ್ಲಿರಬೇಕು. ಆರ್ಡರ್ ಮತ್ತು ಅಡ್ವಾನ್ಸ್ ಕೈಸೇರಿದ ಮೇಲೆ ನನಗೆ ಐದಾರು ವಾರ ಬೇಕು. ಅಂದರೆ ಜುಲೈ ಎರಡನೆಯ ವಾರ. ಜುಲೈ 15ಕ್ಕೆ ಆಷಾಢ ಹತ್ತುತ್ತದೆ, ಹಿಂದಿನ ದಿನ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದಲ್ಲಿ ಅಡ್ವಾನ್ಸ್ ಚೆಕ್ ಬರೆಯದ ಮನೆತನಗಳು ಇನ್ನೂ ಇವೆ, ಅವರೊಡನೆ ವಾದ ಮಾಡಿ ಫಲವಿಲ್ಲ. ಇನ್ನೂ ಹಿಂದೆ ಹೋದರೆ, 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇದೆ. ಹೀಗೆ ಸಹಿಗೆ ಉಳಿಯುವುದು ಜೂನ್ 16ರಿಂದ ಜುಲೈ 13ರವರೆಗಿನ ನಾಲ್ಕು ವಾರ, ಅದರಲ್ಲೂ ಕಾರಹುಣ್ಣಿಮೆ ಕಳೆದ ಮೇಲಿನ ಎರಡು ವಾರ ಗಟ್ಟಿ.

ಅಧಿಕ ಮಾಸದಲ್ಲಿ ನಿಲ್ಲುವುದು ಸಹಿ. ಅಳತೆ, ಕಾಗದ, ಬ್ಯಾಂಕು ಇವು ನಿಲ್ಲುವುದಿಲ್ಲ. ಬಹಳ ಜನ ಈ ತಿಂಗಳು ಸುಮ್ಮನೆ ಕೂತು ಜೂನ್ 16ಕ್ಕೆ ಎದ್ದು ಓಡುತ್ತಾರೆ, ಆಗ ಬ್ಯಾಂಕಿನ ಮಂಜೂರಾತಿ ಆಷಾಢದೊಳಕ್ಕೆ ಹೋಗಿ ಬೀಳುತ್ತದೆ. ನಾನು ಏಪ್ರಿಲ್ 20ರ ಸುಮಾರಿಗೆ ಮೊದಲ ಫೋನ್ ಮಾಡುತ್ತೇನೆ. ಅದಕ್ಕೂ ಮೊದಲು ಅಕೌಂಟೆಂಟ್ ಹಳೆ ವರ್ಷದ ಲೆಕ್ಕದಲ್ಲೇ ಇರುತ್ತಾರೆ. ಆ ಫೋನಿನಲ್ಲಿ ಬೆಲೆಯ ಮಾತಿಲ್ಲ, ಗಾಳಿಯ ಬಳಕೆ ಅಳೆಯಲು ಬರುತ್ತೇನೆ ಎನ್ನುವುದಷ್ಟೇ. ಮೇ ಮೊದಲ ಹದಿನೈದು ದಿನದಲ್ಲಿ ಅಳತೆ. ಅಧಿಕ ಮಾಸದಲ್ಲಿ ಬ್ಯಾಂಕಿಗೆ ಕೊಡಬಹುದಾದ ಪ್ರೊಫಾರ್ಮಾ: ಯಂತ್ರದ ಮಾಡೆಲ್, ಎಚ್‌ಎಸ್‌ಎನ್ ಕೋಡ್, ಜಿಎಸ್‌ಟಿ ಬೇರೆ ಸಾಲಿನಲ್ಲಿ, ನಮ್ಮ ಖಾತೆಯ ವಿವರ, ಜುಲೈ ಕೊನೆಯವರೆಗೆ ಬೆಲೆಯ ಖಾತ್ರಿ. ಬೆಲೆಯ ಅವಧಿಯನ್ನು ರೂಢಿಯಂತೆ 30 ದಿನ ಎಂದು ಹಾಕಿದರೆ ಮಂಜೂರಾತಿ ಬರುವಷ್ಟರಲ್ಲಿ ಅದು ಹಳತಾಗಿ, ಬ್ಯಾಂಕು ಹೊಸದು ಕೇಳಿ ಮತ್ತೆ ಒಂದು ವಾರ ತಿನ್ನುತ್ತದೆ. ಬ್ಯಾಂಕು ಹೋದ ವರ್ಷದ ತಾತ್ಕಾಲಿಕ ಬ್ಯಾಲೆನ್ಸ್ ಶೀಟ್ ಕೇಳುತ್ತದೆ. ಮೇ ತಿಂಗಳಲ್ಲಿ ಸಿಎ ಕಚೇರಿಯಲ್ಲಿ ಅದು ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್ ಗದ್ದಲದಲ್ಲಿ ಸಿಗುವುದಿಲ್ಲ.

ಇದೆಲ್ಲ ಸರಿಯಿದ್ದೂ ಲೆಕ್ಕ ತಪ್ಪುವುದು ಹೆಚ್ಚಾಗಿ ಕರೆಂಟಿನಲ್ಲಿ. ಹಳೆಯ ಕಂಪ್ರೆಸರ್ ತೆಗೆಯದೆ ಹೊಸದನ್ನು ಸೇರಿಸಿದರೆ 30 ಕಿಲೋವ್ಯಾಟ್ ಹೆಚ್ಚುವರಿ ಲೋಡ್ ಬರುತ್ತದೆ. ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಹಾಕಬೇಕು, ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇಲ್ಲದಿದ್ದರೆ ಅದು ತಿಂಗಳುಗಟ್ಟಲೆಯ ಕೆಲಸ. ಯಂತ್ರ ಬಂದು ನಿಂತಿದೆ, ಕರೆಂಟ್ ಇಲ್ಲ ಎಂದರೆ ಚಾಲೂ ಆಗಿಲ್ಲ ಎಂದೇ ಅರ್ಥ. ಅಳತೆಗೆ ಹೋದ ದಿನವೇ ಕರೆಂಟ್ ಬಿಲ್ಲಿನ ಫೋಟೊ ತೆಗೆದುಕೊಂಡು ಮಂಜೂರಾದ ಲೋಡು, ತೋರಿಸಿದ ಗರಿಷ್ಠ ಬೇಡಿಕೆ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತೇನೆ. ಅಂತರ ಸಾಲದಿದ್ದರೆ ಆರ್ಡರಿಗೆ ಕಾಯದೆ ಮೇ ತಿಂಗಳಲ್ಲೇ ಅರ್ಜಿ ಹಾಕಿಸುತ್ತೇನೆ. ಅರ್ಜಿ ಹಾಕಲು ಒಪ್ಪಿದವರು ಕೊಳ್ಳುವವರು ಎಂಬುದೂ ಅಲ್ಲಿಗೆ ತಿಳಿದಂತಾಯಿತು.

ಕೊಳ್ಳುವ ಮನಸ್ಸನ್ನು ತಿಳಿಯಲು ಇನ್ನೊಂದು ಗುರುತು ಉಂಟು. 'ದೀಪಾವಳಿ ಆದ ಮ್ಯಾಲೆ ನೋಡೂಣ್ರಿ' ಎಂಬ ಮಾತು ಜೂನ್ ತಿಂಗಳಲ್ಲಿ ಬಂದರೆ ಅದು ಬೇಡ ಎಂಬುದರ ಮರ್ಯಾದೆಯ ರೂಪ. ಅದೇ ಮಾತು ಸೆಪ್ಟೆಂಬರ್‌ನಲ್ಲಿ ಬಂದು, ಜೊತೆಗೆ ಪ್ರೊಫಾರ್ಮಾ ಯಾವ ಬ್ಯಾಂಕಿನ ಹೆಸರಿಗೆ ಎಂದು ಹೇಳಿದರೆ ನಂಬಬಹುದು. ಹಾಗಿದ್ದವರನ್ನು ಅಕ್ಟೋಬರ್ 3ಕ್ಕೆ ಎಳೆಯಲು ಹೋಗುವುದಿಲ್ಲ. ಆ ದಿನ ದಾಟಿದ ಮೇಲೆ ಮಾರ್ಚ್ 31ರವರೆಗೆ ತೆರಿಗೆಯ ದೃಷ್ಟಿಯಿಂದ ಅವರಿಗೆ ಯಾವ ಅವಸರವೂ ಇಲ್ಲ, ನವೆಂಬರ್‌ನಲ್ಲಿ ಚಾಲೂ ಮಾಡಿದರೂ ಮಾರ್ಚ್‌ನಲ್ಲಿ ಮಾಡಿದರೂ ಸಿಗುವುದು ಅದೇ ಅರ್ಧ. ಅಂಥವರಿಗೆ ಬಲಿಪಾಡ್ಯಮಿಯ ನಂತರದ ವಾರ ಒಂದು ಫೋನ್, ಜನವರಿಯಲ್ಲಿ ಸಂಕ್ರಮಣ ಮುಗಿದ ಮೇಲೆ ಮತ್ತೊಂದು. ಜನವರಿಯಲ್ಲಿ ಆರ್ಡರ್ ಆದರೆ ಮಾರ್ಚ್ ಮೊದಲ ವಾರಕ್ಕೆ ಚಾಲೂ ಆಗುತ್ತದೆ. ಮಾರ್ಚ್ 20ಕ್ಕೆ ಆರ್ಡರ್ ಕೊಟ್ಟು 'ಬಿಲ್ ಮಾರ್ಚ್ ತಿಂಗಳದ್ದೇ ಹಾಕ್ರಿ' ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಮಾಲು ಹೊರಡದೆ ಬಿಲ್ ಹಾಕಿದರೆ ಇ-ವೇ ಬಿಲ್ ತಾರೀಖು ಅದನ್ನು ಬಯಲು ಮಾಡುತ್ತದೆ, ಯಂತ್ರ ಓಡದ ಕಾರಣ ಸವಕಳಿಯೂ ಬರುವುದಿಲ್ಲ.

ಪುಣೆ, ಮುಂಬಯಿಯಲ್ಲಿ ಹೆಡ್ ಆಫೀಸ್ ಇರುವ ಕಾರ್ಖಾನೆಗಳ ಲೆಕ್ಕ ಬೇರೆ. ಅಲ್ಲಿ ಮುಂದಿನ ವರ್ಷದ ಬಜೆಟ್ ಪಟ್ಟಿ ಡಿಸೆಂಬರ್, ಜನವರಿಯಲ್ಲಿ ಸೇರುತ್ತದೆ, ಮಾರ್ಚ್‌ನಲ್ಲಿ ಮಂಜೂರಾಗುತ್ತದೆ. ನವೆಂಬರ್ ಕೊನೆಗೆ ಮೇಂಟೆನನ್ಸ್ ಮ್ಯಾನೇಜರ್ ಕೈಯಲ್ಲಿ ಒಂದು ಪುಟದ ಬಜೆಟ್ ಕೊಟೇಶನ್ ಇದ್ದರೆ ಸಾಲು ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ವರ್ಷ ಹೋಯಿತು. ಆ ಬೆಲೆಯಲ್ಲಿ ಮುಂದಿನ ವರ್ಷದ ಏರಿಕೆಯನ್ನು ಸೇರಿಸಿಯೇ ಕೊಡಬೇಕು. ಮಂಜೂರಾದ ಮೊತ್ತಕ್ಕಿಂತ ಅಂತಿಮ ಬೆಲೆ ಹೆಚ್ಚಾದರೆ ಫೈಲು ಮತ್ತೆ ಮೊದಲಿಂದ ಶುರು. ಡಿಸೆಂಬರ್‌ನಲ್ಲಿ ಕಂಪನಿಯ ಎಂಜಿನಿಯರನ್ನು ಕರೆಸುವುದಿದ್ದರೆ ಸುವರ್ಣ ವಿಧಾನಸೌಧದ ಅಧಿವೇಶನದ ತಾರೀಖು ನೋಡಿಕೊಳ್ಳಿ, ಆ ದಿನಗಳಲ್ಲಿ ಬೆಳಗಾವಿಯಲ್ಲಿ ಲಾಡ್ಜ್ ರೂಮು ಸಿಗುವುದಿಲ್ಲ. ಬಾಗಲಕೋಟೆ, ವಿಜಯಪುರ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ಹೋಗಿ ಪ್ರಯೋಜನವಿಲ್ಲ, ಹಂಗಾಮು ಮುಗಿದು ಓವರ್‌ಹಾಲ್ ಪಟ್ಟಿ ಬರೆಯುವ ವಾರಗಳಲ್ಲಿ ಹೋಗಬೇಕು.

ಕೊನೆಗೆ ಚಾಲೂ ಆದ ದಿನದ ಕಾಗದ. ಕಮಿಷನಿಂಗ್ ವರದಿಯಲ್ಲಿ ತಾರೀಖು, ಯಂತ್ರದ ಸೀರಿಯಲ್ ನಂಬರ್, ಓಡಿದ ಗಂಟೆಯ ಮೀಟರ್ ರೀಡಿಂಗ್, ಒತ್ತಡ, ಎರಡೂ ಕಡೆಯವರ ಸಹಿ ಮತ್ತು ಸೀಲು ಹಾಕಿಸುತ್ತೇನೆ. ಒಂದು ಪ್ರತಿಯನ್ನು ಅದೇ ದಿನ ಮಾಲಕರ ಅಕೌಂಟೆಂಟಿಗೆ ವಾಟ್ಸಾಪ್ ಮಾಡುತ್ತೇನೆ, ಏಕೆಂದರೆ ಆಡಿಟ್ ಹೊತ್ತಿಗೆ ಸಿಎ ಕೇಳುವುದು ಅದನ್ನೇ, ಅಂಗಡಿಯ ಫೈಲಿನಲ್ಲಿ ಅದು ಆಗ ಸಿಗುವುದಿಲ್ಲ.